ಮದುವೆಗೆ ಮೂರು ವರ್ಷ ಇದೆ: ಆರ್‌ಡಿ, ಚೀಟಿ, ಚಿನ್ನದ ಸ್ಕೀಮ್, ಯಾವುದಕ್ಕೆ ಎಷ್ಟು?

ತಿಂಗಳಿಗೆ 20,000 ರೂಪಾಯಿ ಎತ್ತಿಡಬಲ್ಲ ಮನೆ, ಮದುವೆಗೆ 36 ತಿಂಗಳು ಬಾಕಿ, ಸಾಲ ಬೇಡ. ಈ ಲೆಕ್ಕ ಇಟ್ಟುಕೊಂಡು, ಮೂರನ್ನೂ ಕಟ್ಟಿ ನೋಡಿದ ಮೇಲಿನ ಹೋಲಿಕೆ ಇದು.

ಮೊದಲು ಚೀಟಿ, ಏಕೆಂದರೆ ಹೆಚ್ಚು ಜನ ಮೋಸಹೋಗುವ ಲೆಕ್ಕ ಇದೇ. 20 ಜನ, ತಿಂಗಳಿಗೆ 10,000, ಒಟ್ಟು 2 ಲಕ್ಷದ ಚೀಟಿ ತೆಗೆದುಕೊಳ್ಳಿ. ನಾಲ್ಕನೇ ತಿಂಗಳು ಒಬ್ಬರು 40,000 ಬಿಟ್ಟು ಕೂಗಿದರೆ ಅವರ ಕೈಗೆ 1,60,000 ಬರುತ್ತದೆ. ಬಿಟ್ಟ ಹಣದಲ್ಲಿ ನಡೆಸುವವರ ಕಮಿಷನ್ 5% ಎಂದರೆ 10,000 ಹೋಗಿ, ಉಳಿದ 30,000 ಎಲ್ಲರಿಗೂ 1,500ರಂತೆ ಹಂಚಿಕೆ. ಎತ್ತಿಕೊಂಡವರು ಇನ್ನೂ 16 ಕಂತು ಕಟ್ಟಬೇಕು. ಹೆಸರು ಚೀಟಿಯಾದರೂ ಅದು ಸಾಲವೇ. ‘ಸಾಲ ಮಾಡದೆ ಮದುವೆ’ ಎನ್ನುವವರು ಮೊದಲರ್ಧದಲ್ಲಿ ಚೀಟಿ ಎತ್ತಬಾರದು.

ಕೊನೆಯವರೆಗೆ ಕಾದರೆ ಅದು ಉಳಿತಾಯ. ಕೊನೆಯ ಕಂತಿನಲ್ಲಿ ಕಮಿಷನ್ ಕಳೆದು 1,90,000 ಸಿಗುತ್ತದೆ. ತಿಂಗಳ ಹಂಚಿಕೆ ಸರಾಸರಿ 1,000 ಬಂದಿದ್ದರೆ ನೀವು ಕಟ್ಟಿರುವುದು 1,80,000, ಲಾಭ 10,000. ಅದೇ 9,000ವನ್ನು 20 ತಿಂಗಳು 6.5% ಬಡ್ಡಿಯ ಬ್ಯಾಂಕ್ ಆರ್‌ಡಿಗೆ ಹಾಕಿದರೂ ಸುಮಾರು ಅಷ್ಟೇ ಬರುತ್ತದೆ. ಹಂಚಿಕೆ ಸರಾಸರಿ ಸಾವಿರ ದಾಟದ ಗುಂಪಿನಲ್ಲಿ ಚೀಟಿಯಿಂದ ಪ್ರಯೋಜನವಿಲ್ಲ. ಸೇರುವ ಮುಂಚೆ ಅದೇ ಕಂಪನಿಯ ಮುಗಿದ ಗುಂಪಿನ ತಿಂಗಳವಾರು ಹಂಚಿಕೆಯ ಪಟ್ಟಿ ಕೇಳಿ. ಗುಂಪು 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿಯಾಗಿದೆಯೇ ಎಂಬುದನ್ನೂ ನೋಡಿ. ಇನ್ನೊಂದು ತೊಡಕು: ನಡುವೆ ಎತ್ತಿದರೆ ಜಾಮೀನು ಕೊಟ್ಟ ಮೇಲೇ ಹಣ. ಜಾಮೀನುದಾರರ ಕಾಗದಪತ್ರ ಮುಗಿಯುವುದಕ್ಕೇ ವಾರಗಳು ಹಿಡಿಯಬಹುದು, ಛತ್ರದವರು ಅಲ್ಲಿಯತನಕ ಕಾಯುವುದಿಲ್ಲ.

ಬ್ಯಾಂಕ್ ಆರ್‌ಡಿಯಲ್ಲಿ ಬೆರಗೇನಿಲ್ಲ, ಅದೇ ಅದರ ಗುಣ. ಶುರುವಿನಲ್ಲಿ ಹೇಳಿದ ಬಡ್ಡಿ ಕೊನೆಯತನಕ ಬದಲಾಗದು. ತೊಂದರೆ ಒಂದೇ, ನಡುವೆ ಸ್ವಲ್ಪ ಮಾತ್ರ ತೆಗೆಯಲಾಗದು, ಇಡೀ ಖಾತೆ ಮುರಿಯಬೇಕು, ಬಡ್ಡಿಯೂ ತಗ್ಗುತ್ತದೆ. ಅದಕ್ಕೇ 15,000ದ ಒಂದು ಆರ್‌ಡಿ ಬೇಡ, 5,000ದ ಮೂರು ಮಾಡಿ. ಅಂಚೆ ಕಚೇರಿಯ ಆರ್‌ಡಿ ಇಲ್ಲಿಗೆ ಹೊಂದುವುದಿಲ್ಲ. ಅದು 5 ವರ್ಷದ್ದು, 3 ವರ್ಷಕ್ಕೆ ಮುಚ್ಚಿದರೆ ಉಳಿತಾಯ ಖಾತೆಯ ಬಡ್ಡಿಯಷ್ಟೇ. ಸೌಹಾರ್ದ ಮತ್ತು ಪತ್ತಿನ ಸಹಕಾರ ಸಂಘಗಳು ಒಂದೆರಡು ಪರ್ಸೆಂಟ್ ಹೆಚ್ಚು ಕೊಡಬಹುದು, ಆದರೆ 5 ಲಕ್ಷದವರೆಗಿನ ಠೇವಣಿ ವಿಮೆ ಬ್ಯಾಂಕುಗಳಿಗಷ್ಟೇ, ಅವಕ್ಕಿಲ್ಲ. ಮದುವೆಯ ದುಡ್ಡು ಅಲ್ಲಿಡಬೇಡಿ.

ಒಡವೆ ಅಂಗಡಿಯ 11 ತಿಂಗಳ ಸ್ಕೀಮ್‌ನಲ್ಲಿ ಎರಡು ಬಗೆ. ಒಂದರಲ್ಲಿ ಹಣ ಸೇರುತ್ತದೆ, ಕೊನೆಯ ದಿನದ ದರಕ್ಕೆ ಚಿನ್ನ. ಇನ್ನೊಂದರಲ್ಲಿ ಪ್ರತಿ ಕಂತೂ ಆ ದಿನದ ದರಕ್ಕೆ ಗ್ರಾಂ ಆಗಿ ಜಮೆಯಾಗುತ್ತದೆ. ಮದುವೆಯ ಒಡವೆಯನ್ನು ನಾವು ಎಣಿಸುವುದೇ ಗ್ರಾಂನಲ್ಲಿ, ಹಾಗಾಗಿ ಎರಡನೆಯದೇ ಸರಿ. ನಡುವೆ ದರ ಏರಿದರೂ ಜಮೆಯಾದ ತೂಕ ಕರಗುವುದಿಲ್ಲ, ಇಳಿದರೆ ಮಾತ್ರ ಮುಂಚೆ ಕೊಂಡದ್ದು ದುಬಾರಿ. ವೇಸ್ಟೇಜ್ ಬಿಡುತ್ತೇವೆ ಎಂದರೆ ಎಷ್ಟು ಪರ್ಸೆಂಟ್‌ವರೆಗೆ ಎಂದು ಬರೆಸಿಕೊಳ್ಳಿ. 14%ವರೆಗೆ ಬಿಟ್ಟು, ನೀವು ಆರಿಸಿದ ಸರಕ್ಕೆ 20% ಇದ್ದರೆ ಉಳಿದ 6% ನಿಮ್ಮದೇ. ಕಟ್ಟಿದ ಹಣಕ್ಕೆ ಠೇವಣಿ ವಿಮೆ ಇಲ್ಲ, ಅಂಗಡಿ ಮುಚ್ಚಿದರೆ ಕಷ್ಟ. ಆದ್ದರಿಂದ ಒಂದು ಸುತ್ತು ಮುಗಿದ ಕೂಡಲೇ ಒಡವೆ ಕೈಗೆ ತೆಗೆದುಕೊಂಡು, ಹಾಲ್‌ಮಾರ್ಕ್‌ನಲ್ಲಿ ಅಕ್ಷರ, ಅಂಕಿ ಸೇರಿ ಆರು ಇರುವ ಗುರುತು, ಎಚ್‌ಯುಐಡಿ ನೋಡಿ, ಆಮೇಲೆ ಮುಂದಿನ ಸುತ್ತಿಗೆ ಸೇರಿ.

ಹಾಗಾದರೆ 20,000 ಹಂಚುವುದು ಹೀಗೆ. ಗ್ರಾಂ ಸ್ಕೀಮ್‌ಗೆ 5,000ದಂತೆ ಮೂರು ಸುತ್ತು, 1,65,000ದ ಒಡವೆ. ಒಂದು ಆರ್‌ಡಿ 27 ತಿಂಗಳಿಗೆ, ಸುಮಾರು 1,45,000 ಬರುತ್ತದೆ, ಛತ್ರದ ಮುಂಗಡ ಮತ್ತು ರೇಷ್ಮೆ ಸೀರೆಗೆ. ಆಷಾಢ, ಧನುರ್ಮಾಸ ಬಿಟ್ಟು ಮುಹೂರ್ತಗಳು ಕೆಲವೇ ದಿನಗಳಿಗೆ ಗಿಜಿಗುಡುವುದರಿಂದ ಛತ್ರಕ್ಕೆ ಎಂಟೊಂಬತ್ತು ತಿಂಗಳು ಮೊದಲೇ ಹಣ ಬೇಕು. ಉಳಿದೆರಡು ಆರ್‌ಡಿ 35 ತಿಂಗಳಿಗೆ, ಸುಮಾರು 3,86,000, ಅಡುಗೆಯವರು, ಛತ್ರದ ಬಾಕಿ, ಹೂವು, ಓಲಗಕ್ಕೆ. ಮೊದಲ ಆರ್‌ಡಿ ಮುಗಿದ ಮೇಲಿನ 5,000 ಎಂಟು ತಿಂಗಳು ಉಳಿತಾಯ ಖಾತೆಯಲ್ಲಿ ಕೂತರೆ 40,000, ಕೊನೆಯ ವಾರದ ಖರ್ಚಿಗೆ. ಒಟ್ಟು ಏಳೂಕಾಲು ಲಕ್ಷ ದಾಟುತ್ತದೆ. ಈ ಲೆಕ್ಕದಲ್ಲಿ ಚೀಟಿಗೆ ಜಾಗವಿಲ್ಲ.

ಅಂದಾಜು ಎಂಟು ಲಕ್ಷಕ್ಕೆ ಹೋಗುತ್ತಿದ್ದರೆ ಒಡವೆಗೆ ಕೈ ಹಾಕುವ ಮುಂಚೆ ಎಲೆ ಎಣಿಸಿ. ಎಲೆಗೆ 300 ಎಂದಿಟ್ಟುಕೊಂಡರೆ, ಆರತಕ್ಷತೆ ಮತ್ತು ಮುಹೂರ್ತದ ಎರಡು ಊಟಕ್ಕೆ 100 ಜನ ಕಡಿಮೆಯಾದರೆ 60,000 ಉಳಿಯಿತು, ಅಂದರೆ ಮೂರು ತಿಂಗಳ ಕಂತು. ಕರೆಯೋಲೆ ಅಚ್ಚಾದ ಮೇಲೆ ಈ ದಾರಿ ಮುಚ್ಚಿಹೋಗುತ್ತದೆ, ಪಟ್ಟಿಯನ್ನು 27ನೇ ತಿಂಗಳು ಛತ್ರ ಗೊತ್ತುಮಾಡುವಾಗಲೇ ಬರೆಯಿರಿ.