ಐಇಸಿ: ನಾವೇ ಮಾಡಿಸಿಕೊಳ್ಳುವುದೋ, ಏಜೆಂಟರಿಗೆ ಕೊಡುವುದೋ?

ಕರಕುಶಲ ವಸ್ತುಗಳನ್ನು ಹೊರದೇಶಕ್ಕೆ ಮಾರುವ ಸಣ್ಣ ವ್ಯಾಪಾರಿಗಳು ಆಮದು-ರಫ್ತು ಕೋಡ್, ಅಂದರೆ ಐಇಸಿಯನ್ನು, ಎರಡು ರೀತಿ ಪಡೆಯುತ್ತಾರೆ. ಒಂದು, ಕೇಂದ್ರ ಸರ್ಕಾರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ, ಅಂದರೆ ಡಿಜಿಎಫ್‌ಟಿಯ ಪೋರ್ಟಲ್ dgft.gov.in ನಲ್ಲಿ ತಾವೇ ಅರ್ಜಿ ಹಾಕುವುದು. ಇನ್ನೊಂದು, ಏಜೆಂಟರಿಗೆ ದುಡ್ಡು ಕೊಟ್ಟು ಮಾಡಿಸುವುದು. ಎರಡನ್ನೂ ನೋಡಿದ ಮೇಲೆ ನನ್ನ ಮತ ಮೊದಲನೆಯದಕ್ಕೇ.

ಸರ್ಕಾರಿ ಶುಲ್ಕ 500 ರೂಪಾಯಿ. ಏಜೆಂಟರು ಅದರ ಹಲವು ಪಟ್ಟು ಕೇಳುತ್ತಾರೆ, ಆದರೆ ಕಾಗದಪತ್ರಗಳು ಅವೇ: ಪ್ಯಾನ್, ವಿಳಾಸದ ದಾಖಲೆ, ರದ್ದು ಮಾಡಿದ ಚೆಕ್ ಅಥವಾ ಬ್ಯಾಂಕ್ ಪ್ರಮಾಣಪತ್ರ. ಸಹಿಗೆ ಆಧಾರ್ ಒಟಿಪಿ ಸಾಕು. ಹೊಸ ಚೆಕ್‌ಬುಕ್ ಬಂದಿಲ್ಲವೆಂದು ಹೆಸರು ಅಚ್ಚಾಗಿಲ್ಲದ ಚೆಕ್ ಹಾಕಬೇಡಿ, ಬ್ಯಾಂಕಿನಿಂದ ಪ್ರಮಾಣಪತ್ರ ತನ್ನಿ. ಏಕಮಾಲೀಕತ್ವದ ಅಂಗಡಿಯಾದರೆ ಪ್ಯಾನ್ ವಿವರ ಕೇಳುವಲ್ಲಿ ಮಾಲೀಕರ ಹೆಸರು ಮತ್ತು ಹುಟ್ಟಿದ ದಿನಾಂಕ ಕಾರ್ಡಿನಲ್ಲಿರುವಂತೆಯೇ ಇರಬೇಕು. ಅಲ್ಲಿ ಅಂಗಡಿಯ ಹೆಸರು ಬರೆದರೆ ಪರಿಶೀಲನೆಯಲ್ಲೇ ನಿಂತುಹೋಗುತ್ತದೆ.

ನಿಜವಾದ ತೊಡಕು ಕೋಡ್ ಬಂದ ಮೇಲೆ ಶುರುವಾಗುತ್ತದೆ. ಅರ್ಜಿಯಲ್ಲಿ ಅನೇಕ ಏಜೆಂಟರು ತಮ್ಮದೇ ಮೊಬೈಲ್ ಮತ್ತು ಇಮೇಲ್ ತುಂಬುತ್ತಾರೆ. ಒಟಿಪಿಗೆ ಪದೇ ಪದೇ ಗಿರಾಕಿಗೆ ಫೋನ್ ಮಾಡುವುದು ತಪ್ಪುತ್ತದೆ ಎಂಬ ಲೆಕ್ಕ. ಪ್ರಮಾಣಪತ್ರ ಕೈಗೆ ಬಂದಾಗ ಇದು ಯಾರ ಗಮನಕ್ಕೂ ಬರುವುದಿಲ್ಲ.

ಚನ್ನಪಟ್ಟಣದ ಮರದ ಗೊಂಬೆ ಕಳಿಸುವ ಒಂದು ಅಂಗಡಿಯನ್ನೇ ತೆಗೆದುಕೊಳ್ಳೋಣ. ಐಇಸಿಗೆ ಅವಧಿ ಮಿತಿ ಇಲ್ಲ, ಆದರೆ ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ವಿವರಗಳನ್ನು ಪೋರ್ಟಲ್‌ನಲ್ಲಿ ದೃಢಪಡಿಸಬೇಕು. ಏನೂ ಬದಲಾಗದಿದ್ದರೂ ಸರಿ. ಆ ಮೂರು ತಿಂಗಳಲ್ಲಿ ಇದಕ್ಕೆ ಶುಲ್ಕವಿಲ್ಲ. ನೆನಪೋಲೆ ಬಂದರೂ ಅದು ಏಜೆಂಟರ ಇಮೇಲ್‌ಗೆ. ಜೂನ್ ಕಳೆದರೆ ಕೋಡ್ ನಿಷ್ಕ್ರಿಯವಾಗುತ್ತದೆ, ದಸರಾ ಹೊತ್ತಿಗೆ ಬಂದ ಆರ್ಡರ್ ಕಸ್ಟಮ್ಸ್‌ನಲ್ಲಿ ಮುಂದೆ ಹೋಗುವುದಿಲ್ಲ. ಸರಿಪಡಿಸಲು ಮಾಲೀಕರು ಸ್ವಂತ ಲಾಗಿನ್ ಮಾಡಿಕೊಂಡು "Link IEC" ಒತ್ತಿದರೆ ಒಟಿಪಿ ಹೋಗುವುದು ಅರ್ಜಿಯಲ್ಲಿರುವ ಹಳೆಯ ನಂಬರಿಗೇ. ಏಜೆಂಟರು ಫೋನ್ ಎತ್ತದಿದ್ದರೆ ಡಿಜಿಎಫ್‌ಟಿ ಸಹಾಯವಾಣಿಗೆ ದೂರು ಹಾಕಿ ಕಾಯಬೇಕು. ವಿವರ ದೃಢಪಡಿಸಿದ ಮೇಲೆ ಕೋಡ್ ಮತ್ತೆ ಚಾಲ್ತಿಗೆ ಬರುತ್ತದೆ ನಿಜ, ಆದರೆ ಗಿರಾಕಿ ಅಷ್ಟು ದಿನ ಕಾಯುತ್ತಾರೆಯೇ?

ಈಗಾಗಲೇ ಏಜೆಂಟರ ಮೂಲಕ ಮಾಡಿಸಿದ್ದರೆ ಇವತ್ತೇ ಎರಡು ಕೆಲಸ ಮಾಡಿ. ಪೋರ್ಟಲ್‌ನ "View Any IEC" ನಲ್ಲಿ ಐಇಸಿ ನಂಬರ್ ಮತ್ತು ಅಂಗಡಿಯ ಹೆಸರು ಹಾಕಿ ಕೋಡ್ ಚಾಲ್ತಿಯಲ್ಲಿದೆಯೇ ನೋಡಿ. ಅರ್ಜಿಯ ಪ್ರತಿ ತರಿಸಿಕೊಂಡು ಅದರಲ್ಲಿ ಯಾರ ಮೊಬೈಲ್ ಇದೆ ಎಂದು ಓದಿ. ನಿಮ್ಮದಲ್ಲದಿದ್ದರೆ ಏಜೆಂಟರ ಜೊತೆ ಮಾತು ಚೆನ್ನಾಗಿರುವಾಗಲೇ ಬದಲಿಸಿಕೊಳ್ಳಿ.

ಏಜೆಂಟರಿಗೆ ಕೊಡುವುದು ಒಂದೇ ಸಂದರ್ಭದಲ್ಲಿ ಸರಿ: ಪಾಲುದಾರರು ಹಲವರಿದ್ದು, ಪತ್ರಗಳನ್ನು ಜೋಡಿಸಲು ಯಾರಿಗೂ ಪುರುಸೊತ್ತಿಲ್ಲದಾಗ. ಆಗಲೂ ನಂಬರ್ ನಿಮ್ಮದೇ ಇರಲಿ, ಒಟಿಪಿ ಕೇಳಿದಾಗ ನೀವೇ ಹೇಳಿ. ತಿಂಗಳಿಗೆ ಹತ್ತಾರು ಪಾರ್ಸೆಲ್ ಕಳಿಸುವ ಒಬ್ಬರೇ ಮಾಲೀಕರಿಗೆ ಆ ಖರ್ಚು ಬೇಡ. ಅದೇ ಹಣ ಗೊಂಬೆಗಳಿಗೆ ಗಟ್ಟಿ ರಟ್ಟಿನ ಪೆಟ್ಟಿಗೆ ಕೊಳ್ಳಲು ಆಗುತ್ತದೆ.