ಎಸ್‌ಜಿ ಅಂತ ಬಂದ ಬೀಡು: ರಿಪೋರ್ಟ್ ಸರಿ ಇತ್ತು, ಮಾಲು ಸರಿ ಇರಲಿಲ್ಲ

ಫೌಂಡ್ರಿಯಿಂದ ಎಸ್‌ಜಿ ಕಾಸ್ಟಿಂಗ್, ಅಂದರೆ ಪಟ್ ಅಂತ ಮುರಿಯದೆ ಹಿಗ್ಗುವ ಜಾತಿಯ ಎರಕದ ಕಬ್ಬಿಣದ ಮಾಲು, ತರಿಸುವವರು ದಯವಿಟ್ಟು ಇದನ್ನು ಓದಿ. ಮಾಲಿನ ಜೊತೆ ಬರುವ ರಿಪೋರ್ಟಿನಲ್ಲಿ ಮ್ಯಾಗ್ನೀಶಿಯಂ ಸರಿ ಇದೆ, ಹಾರ್ಡ್‌ನೆಸ್ ಸರಿ ಇದೆ ಅಂತ ನೋಡಿ ಸಹಿ ಹಾಕಿಬಿಡಬೇಡಿ. ನಮಗೆ ಬಂದ ಲಾಟಿನ ರಿಪೋರ್ಟಿನಲ್ಲಿ ಒಂದು ಅಂಕಿಯೂ ಸುಳ್ಳಿರಲಿಲ್ಲ. ಆದರೂ ಅದೇ ಲಾಟಿನ ಬ್ರಾಕೆಟ್‌ಗಳು ಕಬ್ಬಿನ ಸೀಸನ್ನಿನಲ್ಲಿ ಪಟ್ ಅಂತ ಮುರಿದವು.

ನಮ್ಮದು ಬೆಳಗಾವಿ ಕಡೆಯ ಸಣ್ಣ ಮಷೀನ್ ಶಾಪ್. ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವವರಿಗೆ ಪಾಟಾ ಹಿಡಿಯುವ ಬ್ರಾಕೆಟ್ ಮಾಡಿ ಕೊಡುತ್ತೇವೆ. ಪಾಟಾ ಅಂದರೆ ಲೀಫ್ ಸ್ಪ್ರಿಂಗ್. ಕಬ್ಬು ತುಂಬಿದ ಟ್ರೇಲರ್ ಹೊಲದ ದಾರಿಯಲ್ಲಿ ಇಳಿದು ಹತ್ತುವಾಗ ಈ ಬ್ರಾಕೆಟ್ಟಿನ ಕಿವಿಗೆ ಜೋರಾದ ಏಟು ಬೀಳುತ್ತದೆ. ಅದಕ್ಕೇ ಡ್ರಾಯಿಂಗಿನಲ್ಲಿ ಎಸ್‌ಜಿ 400/15 ಅಂತ ಬರೆದಿರುತ್ತದೆ. ಎಳೆದಾಗ ಕನಿಷ್ಠ 400 ಮೆಗಾಪ್ಯಾಸ್ಕಲ್ ತಡೆಯಬೇಕು, ಮುರಿಯುವ ಮೊದಲು ನೂರಕ್ಕೆ 15ರಷ್ಟು ಉದ್ದ ಹಿಗ್ಗಬೇಕು ಅನ್ನುವುದು ಆ ಎರಡು ಅಂಕಿಗಳ ಅರ್ಥ. ನಮಗೆ ಮುಖ್ಯ ಎರಡನೆಯದು. ಹಿಗ್ಗುವ ಬ್ರಾಕೆಟ್ ಮೊದಲು ಬಾಗುತ್ತದೆ, ಡ್ರೈವರ್ ನೋಡುತ್ತಾನೆ, ಬದಲಾಯಿಸುತ್ತಾನೆ. ಹಿಗ್ಗದ್ದು ಹೇಳದೆ ಕೇಳದೆ ಮುರಿಯುತ್ತದೆ.

ನಮ್ಮ ಗಿರಾಕಿಯೊಬ್ಬರ ಟ್ರೇಲರ್ ಫ್ಯಾಕ್ಟರಿ ದಾರಿಯಲ್ಲಿ ಒಂದು ಕಡೆ ಕುಸಿದು ಕೂತಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಮುರಿದ ಬ್ರಾಕೆಟ್ ಕೈಗೆ ಬಂದಾಗ ನೋಡಿದೆ. ಕಿವಿ ಸ್ವಲ್ಪವೂ ಬಾಗಿಲ್ಲ. ಎರಡು ತುಂಡನ್ನು ಜೋಡಿಸಿದರೆ ಸರಿಯಾಗಿ ಕೂಡುತ್ತಿತ್ತು. ಮುರಿದ ಮುಖ ಕಪ್ಪು ಬೂದಿ ಬಣ್ಣ. ಬೆರಳಿನಿಂದ ಉಜ್ಜಿದರೆ ಕಪ್ಪು ಮಸಿ ಹತ್ತುತ್ತಿತ್ತು.

ಫೌಂಡ್ರಿಗೆ ಹೋದರೆ ಸೂಪರ್‌ವೈಸರ್ ಫೈಲ್ ತೆಗೆದಿಟ್ಟರು. "ಸಾಹೇಬ್ರ, ನೀವ ನೋಡ್ರಿ. ಮ್ಯಾಗ್ನೀಶಿಯಂ 0.042 ಐತಿ. ಹಾರ್ಡ್‌ನೆಸ್ 165 ಐತಿ. ಇನ್ನೇನ್ ಬೇಕ್ರಿ?" ಅಂದರು. ಎರಡೂ ನಿಜ. ಎರಡೂ ಈ ಪ್ರಶ್ನೆಗೆ ಉತ್ತರ ಅಲ್ಲ. ಯಾಕೆ ಅಂತ ಹೇಳಬೇಕಾದರೆ ಬೀಡಿನ ಒಳಗೆ ಇಂಗಾಲ ಹೇಗೆ ಕೂತಿರುತ್ತದೆ ಅಂತ ಸ್ವಲ್ಪ ನೋಡಬೇಕು.

ಬೀಡಿನಲ್ಲಿ ಇಂಗಾಲ ಸಾಮಾನ್ಯವಾಗಿ ನೂರಕ್ಕೆ ಮೂರರ ಮೇಲೆ ಇರುತ್ತದೆ. ಗ್ರೇ ಬೀಡಿನಲ್ಲಿ ಹೆಚ್ಚಿನ ಇಂಗಾಲ ತೆಳ್ಳಗಿನ ಗ್ರಾಫೈಟ್ ಪದರಗಳಾಗಿ ಕೂರುತ್ತದೆ. ಆ ಪದರಕ್ಕೆ ಶಕ್ತಿ ಇಲ್ಲ, ಅಂಚು ಮಾತ್ರ ಚೂಪು. ಕಾಗದದಲ್ಲಿ ಬ್ಲೇಡಿನಿಂದ ಮೊದಲೇ ಸೀಳು ಮಾಡಿಟ್ಟ ಹಾಗೆ. ಎಳೆದರೆ ಸೀಳಿನ ತುದಿಯಿಂದಲೇ ಹರಿಯುತ್ತದೆ. ಹಾಗಂತ ಗ್ರೇ ಕೆಟ್ಟ ಮಾಲಲ್ಲ. ಒತ್ತಿದರೆ ಎಳೆತಕ್ಕಿಂತ ಮೂರು ನಾಲ್ಕು ಪಟ್ಟು ತಡೆಯುತ್ತದೆ, ಕಂಪನ ನುಂಗುತ್ತದೆ, ಶಾಖ ಬೇಗ ದಾಟಿಸುತ್ತದೆ. ಲೇತ್ ಬೆಡ್, ಎಂಜಿನ್ ಬ್ಲಾಕ್, ಬ್ರೇಕ್ ಡ್ರಮ್ಮಿಗೆಲ್ಲ ಅದೇ ಸರಿ. ನಮ್ಮ ಹಳೆ ಲೇತಿನ ಬೆಡ್ ತೆಗೆದು ಯಾರಾದರೂ ಎಸ್‌ಜಿ ಬೆಡ್ ಕೊಡ್ತೀನಿ ಅಂದರೆ ನಾನಂತೂ ಬೇಡ ಅಂತೀನಿ. ಆದರೆ ಏಟು ತಿನ್ನುವ ಕಿವಿಗೆ ಗ್ರೇ ಆಗಲ್ಲ.

ಎಸ್‌ಜಿಯಲ್ಲಿ ಅದೇ ಇಂಗಾಲ ಚಿಕ್ಕ ಚಿಕ್ಕ ಗುಂಡುಗಳಾಗಿ ಕೂರುತ್ತದೆ. ಗುಂಡಿಗೆ ಚೂಪು ಅಂಚಿಲ್ಲ, ಆದ್ದರಿಂದ ಸುತ್ತಲಿನ ಲೋಹ ಹಿಗ್ಗುವುದಕ್ಕೆ ಆಗುತ್ತದೆ. ಹೀಗೆ ಗುಂಡು ಮಾಡುವುದು ಮ್ಯಾಗ್ನೀಶಿಯಂ. ಅಮೆರಿಕದಲ್ಲಿ ಕೀತ್ ಮಿಲ್ಲಿಸ್ 1943ರಲ್ಲಿ ಇದನ್ನು ಕಂಡುಕೊಂಡರು. ಲೋಹ ಗಟ್ಟಿಯಾಗುವ ಹೊತ್ತಿಗೆ ಅದರಲ್ಲಿ 0.03ರಿಂದ 0.05 ಶೇಕಡಾ ಮ್ಯಾಗ್ನೀಶಿಯಂ ಉಳಿದಿರಬೇಕು. "ಗಟ್ಟಿಯಾಗುವ ಹೊತ್ತಿಗೆ" ಅನ್ನುವುದನ್ನು ನೆನಪಿಡಿ, ನಮ್ಮ ಜಗಳವೆಲ್ಲ ಅದರ ಮೇಲೆಯೇ.

ಮ್ಯಾಗ್ನೀಶಿಯಂ ಸುಮಾರು 1090 ಡಿಗ್ರಿಗೇ ಕುದಿಯುತ್ತದೆ. ಕರಗಿದ ಲೋಹ ಹೊರುವ ಬಕೆಟ್ಟಿನಲ್ಲಿ, ಅಂದರೆ ಲ್ಯಾಡಲ್‌ನಲ್ಲಿ, ಲೋಹ 1450ರ ಆಸುಪಾಸು ಇರುತ್ತದೆ. ಹಾಗಾಗಿ ಹಾಕಿದ ಕ್ಷಣದಿಂದಲೇ ಅದು ಹೋಗುತ್ತಾ ಇರುತ್ತದೆ. ಸ್ವಲ್ಪ ಹೊಗೆಯಾಗಿ ಹೋಗುತ್ತದೆ, ಸ್ವಲ್ಪವನ್ನು ಗಂಧಕವೂ ಗಾಳಿಯ ಆಮ್ಲಜನಕವೂ ಹಿಡಿದುಕೊಂಡು ಸ್ಲ್ಯಾಗಿಗೆ ಸೇರಿಸುತ್ತವೆ. ಫೌಂಡ್ರಿಯವರು ಇದಕ್ಕೆ ಫೇಡಿಂಗ್ ಅಂತಾರೆ. ಮ್ಯಾಗ್ನೀಶಿಯಂ ಹಾಕುವ ಟ್ರೀಟ್‌ಮೆಂಟ್ ಆದ ಹತ್ತು ಹನ್ನೆರಡು ನಿಮಿಷದೊಳಗೆ ಮೆಟಲ್ ಸುರಿದು ಮುಗಿಸಬೇಕು ಅನ್ನುವುದು ಅವರೇ ಪಾಲಿಸುವ ಲೆಕ್ಕ. ತಡವಾದರೆ ಗುಂಡುಗಳು ಮೊದಲು ಹುಳದ ಆಕಾರಕ್ಕೆ ತಿರುಗುತ್ತವೆ, ಇನ್ನೂ ತಡವಾದರೆ ಮತ್ತೆ ಪದರ.

ಈಗ ನಮ್ಮ ರಿಪೋರ್ಟಿಗೆ ಬರೋಣ. ಲೋಹದಲ್ಲಿ ಏನೇನು ಎಷ್ಟಿದೆ ಅಂತ ಓದುವ ಸ್ಪೆಕ್ಟ್ರೋ ಮಷೀನಿಗೆ ಹಾಕುವ ಬಿಲ್ಲೆಯನ್ನು ಟ್ರೀಟ್‌ಮೆಂಟ್ ಆದ ತಕ್ಷಣ ತೆಗೆಯುತ್ತಾರೆ. ಅದನ್ನು ತಾಮ್ರದ ಅಚ್ಚಿನಲ್ಲಿ ಸುರಿದು ಥಟ್ಟನೆ ತಣ್ಣಗೆ ಮಾಡುತ್ತಾರೆ. ಗ್ರಾಫೈಟ್ ಇದ್ದರೆ ಮಷೀನ್ ಇಂಗಾಲವನ್ನು ಸರಿಯಾಗಿ ಓದುವುದಿಲ್ಲ, ಅದಕ್ಕೆ. ಅಷ್ಟು ಬೇಗ ತಣಿದರೆ ಇಂಗಾಲಕ್ಕೆ ಬೇರೆಯಾಗಲು ಸಮಯವೇ ಸಿಗದೆ ಕಬ್ಬಿಣದ ಜೊತೆಗೇ ಕೂಡಿ ಸಿಮೆಂಟೈಟ್ ಆಗುತ್ತದೆ. ಅದೇ ವೈಟ್ ಬೀಡು. ಮುರಿದರೆ ಬೆಳ್ಳಿ ಬಿಳುಪು, ಗಾಜಿನಂತೆ ಪೆಡಸು, ಸವೆತಕ್ಕೆ ಗಟ್ಟಿ. ಅದಿರು ಅರೆಯುವ ಮಿಲ್ಲಿನ ಲೈನರಿಗೆ, ಕೆಸರು ಎತ್ತುವ ಪಂಪಿನ ಭಾಗಕ್ಕೆ ಅದನ್ನು ಬೇಕಂತಲೇ ಮಾಡುತ್ತಾರೆ. ನಮ್ಮ ಕಾಸ್ಟಿಂಗಿನ ತೆಳು ಮೂಲೆಯಲ್ಲಿ ಅದು ಬೇಡದೆ ಬಂದರೆ ಡ್ರಿಲ್ ಬಿಟ್ ಸುಟ್ಟುಹೋಗುತ್ತದೆ.

ಅಂದರೆ ಆ ಬಿಲ್ಲೆ ಗ್ರಾಫೈಟೇ ಇಲ್ಲದ ತುಂಡು. ಗ್ರಾಫೈಟ್ ಗುಂಡಾಗಿದೆಯಾ ಇಲ್ಲವಾ ಅಂತ ಅದು ಹೇಗೆ ಹೇಳುತ್ತದೆ? ಹೇಳುವುದು ಮೊದಲ ನಿಮಿಷದ ಮ್ಯಾಗ್ನೀಶಿಯಂ ಎಷ್ಟು ಅಂತ ಮಾತ್ರ. ಫೌಂಡ್ರಿಯ ಲಾಗ್ ಶೀಟ್ ಕೇಳಿದೆ. ಮೊದಮೊದಲು ಇಲ್ಲ ಅಂದರು, ಆಮೇಲೆ ತೋರಿಸಿದರು. ಆ ಲ್ಯಾಡಲ್ ಸುರಿಯುವಾಗ ಮಧ್ಯದಲ್ಲಿ ಕ್ರೇನ್ ನಿಂತಿತ್ತು. ಕೊನೆಯ ಮೋಲ್ಡ್‌ಗಳಿಗೆ ಮೆಟಲ್ ಬಿದ್ದದ್ದು ಟ್ರೀಟ್‌ಮೆಂಟ್ ಆಗಿ 20 ನಿಮಿಷ ದಾಟಿದ ಮೇಲೆ. ಉಳಿದ ಮೆಟಲ್ಲನ್ನು ವಾಪಸ್ ಫರ್ನೇಸಿಗೆ ಸುರಿಯಬೇಕಿತ್ತು. ಸುರಿಯಲಿಲ್ಲ.

ಹಾರ್ಡ್‌ನೆಸ್ ವಿಷಯವೂ ಇಷ್ಟೇ. ಬ್ರಿನೆಲ್ ಅಂಕಿ ಗ್ರಾಫೈಟಿನ ಸುತ್ತ ಇರುವ ಲೋಹದ್ದೇ ಕಥೆ ಜಾಸ್ತಿ ಹೇಳುತ್ತದೆ. ಒಳ್ಳೆ ಪೀಸಿಗೂ ಮುರಿದ ಪೀಸಿಗೂ ನಮ್ಮಲ್ಲಿ ಹೆಚ್ಚುಕಡಿಮೆ ಒಂದೇ ಅಂಕಿ ಬಂತು. ಆದರೆ ಮುರಿದ ಬ್ರಾಕೆಟ್ಟಿನಿಂದಲೇ ಬಾರ್ ತೆಗೆದು ಎಳೆಸಿದಾಗ 260 ಮೆಗಾಪ್ಯಾಸ್ಕಲ್‌ಗೆ ತುಂಡಾಯಿತು, ಹಿಗ್ಗಿದ್ದು ಶೇಕಡಾ ಒಂದರಷ್ಟು. ಫೌಂಡ್ರಿಯ ಟೆಸ್ಟ್ ಬಾರ್ ಪಾಸಾಗಿತ್ತು, ಯಾಕೆಂದರೆ ಅದನ್ನು ಸುರಿದದ್ದೂ ಮೊದಲ ಮೆಟಲ್ಲಿನಿಂದ.

ನಮ್ಮ ಲೇತ್ ಹುಡುಗ ಮೊದಲೇ ಒಂದು ಮಾತು ಹೇಳಿದ್ದ. "ಅಣ್ಣಾರ, ಈ ಪೀಸಿಂದು ಚಿಪ್ಸ್ ಬ್ಯಾರೆ ಬರಾಕತ್ತೈತ್ರಿ, ಪುಡಿ ಪುಡಿ ಆಗಾಕತ್ತೈತಿ" ಅಂತ. ಒಳ್ಳೆ ಎಸ್‌ಜಿ ಚಿಪ್ಸ್ ಸ್ವಲ್ಪ ಸುರುಳಿಯಾಗಿ ಬರುತ್ತದೆ. ಗ್ರೇ ಆದರೆ ಪುಡಿ ಉದುರುತ್ತದೆ, ಕೈಯೆಲ್ಲ ಮಸಿ. ಮಷೀನ್ ಮೇಲೆ ನಿಂತವರು ಹೀಗೆ ಹೇಳಿದರೆ ಆ ಪೀಸನ್ನು ಪಕ್ಕಕ್ಕಿಡಿ.

ಇನ್ನೊಂದು ಸುಲಭದ ಪರೀಕ್ಷೆ ಸದ್ದು. ಬ್ರಾಕೆಟ್ಟನ್ನು ತಂತಿಯಲ್ಲಿ ತೂಗುಹಾಕಿ ಚಿಕ್ಕ ಸುತ್ತಿಗೆಯಿಂದ ತಟ್ಟಿ. ಎಸ್‌ಜಿ ಠಣ್ ಅಂತ ಉದ್ದಕ್ಕೆ ಮೊಳಗುತ್ತದೆ, ಗ್ರೇ ಠಪ್ ಅಂತ ಬೇಗ ಸಾಯುತ್ತದೆ. ಆದರೆ ಅದೇ ಆಕಾರದ, ಖಚಿತವಾಗಿ ಒಳ್ಳೆಯದಾದ ಒಂದು ಪೀಸ್ ಪಕ್ಕದಲ್ಲಿರಬೇಕು. ಅರ್ಧಂಬರ್ಧ ಫೇಡ್ ಆದದ್ದು ಕಿವಿಗೆ ಸಿಗದೆಯೂ ಹೋಗಬಹುದು.

ನಾವು ಈಗ ನಂಬುವುದು ಅಲ್ಟ್ರಾಸೋನಿಕ್ ದಪ್ಪ ಅಳೆಯುವ ಗೇಜನ್ನು. ಒಳ್ಳೆ ಎಸ್‌ಜಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 5600 ಮೀಟರ್ ಓಡುತ್ತದೆ. ಪದರ ಜಾಸ್ತಿಯಾದಷ್ಟೂ ವೇಗ ಕಡಿಮೆ, ಗ್ರೇಯಲ್ಲಿ 5000ದ ಕೆಳಗೇ ಇಳಿದಿರುತ್ತದೆ. ಗೇಜನ್ನು ಸ್ಟೀಲಿನ 5900ಕ್ಕೆ ಸೆಟ್ ಮಾಡಿ. ಬ್ರಾಕೆಟ್ಟಿನ ಎರಡೂ ಮುಖ ಸಮವಾಗಿರುವ ಒಂದು ಜಾಗ ಹುಡುಕಿ ಕ್ಯಾಲಿಪರಿನಲ್ಲಿ ಅಳೆಯಿರಿ. 20 ಮಿ.ಮೀ. ಇದೆ ಅಂದುಕೊಳ್ಳಿ. ಒಳ್ಳೆ ಎಸ್‌ಜಿ ಆದರೆ ಗೇಜ್ 21ರ ಹತ್ತಿರ ತೋರಿಸುತ್ತದೆ. ನಮ್ಮ ಕೆಟ್ಟ ಪೀಸ್ 24 ತೋರಿಸಿತು, ಅಂದರೆ ವೇಗ 4900. ಎಷ್ಟು ಬೇಗ ಗೊತ್ತಾಗುತ್ತದೆ ನೋಡಿ! ಉಳಿದಿದ್ದ ಲಾಟನ್ನು ಹೀಗೇ ಒಂದೊಂದಾಗಿ ನೋಡಿ ಬೇರೆ ಮಾಡಿದೆವು. ಮಧ್ಯದ ಅಂಕಿ ಬಂದವುಗಳ ತುಂಡು ಕತ್ತರಿಸಿ, ಪಾಲಿಶ್ ಮಾಡಿ, 100 ಪಟ್ಟು ಹಿಗ್ಗಿಸುವ ಮೈಕ್ರೋಸ್ಕೋಪಿನಲ್ಲಿ ನೋಡಿಸಿದೆವು. ಆಸಿಡ್ ಹಚ್ಚುವ ಅಗತ್ಯವೂ ಇಲ್ಲ, ಗ್ರಾಫೈಟ್ ಹಾಗೇ ಕಪ್ಪಗೆ ಕಾಣುತ್ತದೆ. ಅವುಗಳಲ್ಲಿ ಗುಂಡಿಗಿಂತ ಹುಳಗಳೇ ಜಾಸ್ತಿ ಇದ್ದವು.

ಇಷ್ಟೆಲ್ಲ ತೋರಿಸಿದ ಮೇಲೆ ಫೌಂಡ್ರಿಯವರು ಹೊಸ ಮಾತು ತೆಗೆದರು. "ವಾಪಸ್ ಕೊಡ್ರಿ, ಭಟ್ಟಿಯೊಳಗ ಹಾಕಿ ಅನೀಲ್ ಮಾಡಿ ಕೊಡ್ತೀವಿ, ಮೆತ್ತಗ ಆಗ್ತಾವ." ಇದಕ್ಕೆ ದಯವಿಟ್ಟು ಒಪ್ಪಬೇಡಿ. ಕಾಯಿಸಿ ಗ್ರಾಫೈಟ್ ಸರಿಪಡಿಸುವ ದಾರಿ ಇರುವುದು ಮ್ಯಾಲಿಯಬಲ್ ಬೀಡಿನಲ್ಲಿ. ಮನೆಯ ಜಿಐ ಪೈಪಿನ ಎಲ್ಬೋ, ಟೀ ನೋಡಿರ್ತೀರಲ್ಲ, ಅವು ಹೆಚ್ಚಾಗಿ ಈ ಜಾತಿ. ಅವುಗಳನ್ನು ಮೊದಲು ಪೂರ್ತಿ ವೈಟ್ ಬೀಡಾಗಿ ಎರಕ ಹೊಯ್ಯುತ್ತಾರೆ. ಆಮೇಲೆ 900 ಡಿಗ್ರಿಗಿಂತ ಮೇಲೆ ಗಂಟೆಗಟ್ಟಲೆ ಕಾಯಿಸಿ, ನಿಧಾನಕ್ಕೆ ಇಳಿಸುತ್ತಾರೆ. ಆಗ ಸಿಮೆಂಟೈಟ್ ಒಡೆದು ಇಂಗಾಲ ಒಡ್ಡೊಡ್ಡಾದ ಗಂಟುಗಳಾಗಿ ಹೊರಬರುತ್ತದೆ, ಪೆಡಸು ಹೋಗುತ್ತದೆ. ದಪ್ಪ ಕಾಸ್ಟಿಂಗ್ ಒಳಗೆಲ್ಲ ವೈಟ್ ಆಗುವಷ್ಟು ಬೇಗ ತಣಿಯುವುದಿಲ್ಲ, ಅದಕ್ಕೇ ಮ್ಯಾಲಿಯಬಲ್ ಮಾಲೆಲ್ಲ ತೆಳ್ಳಗಿರುತ್ತದೆ. ನಮ್ಮ ಬ್ರಾಕೆಟ್ಟಿನಲ್ಲಿ ಪದರ ಆಗಲೇ ಬಂದಾಗಿತ್ತು. ಬಂದ ಪದರ ಕಾಯಿಸಿದರೆ ಗುಂಡಾಗುವುದಿಲ್ಲ. ಅನೀಲ್ ಮಾಡಿದರೆ ಸುತ್ತಲಿನ ಲೋಹ ಇನ್ನೂ ಮೆತ್ತಗಾಗುತ್ತದೆ, ಸೀಳು ಅಲ್ಲೇ ಇರುತ್ತದೆ. ಕರಗಿಸುವುದೊಂದೇ ದಾರಿ.

ಈಗ ನಮ್ಮ ಆರ್ಡರಿನಲ್ಲಿ ಸ್ಪಷ್ಟವಾಗಿ ಬರೆಯುತ್ತೇವೆ: ಪ್ರತಿ ಟ್ರೀಟ್‌ಮೆಂಟ್ ಲ್ಯಾಡಲ್ಲಿನ ಕೊನೆಯ ಮೋಲ್ಡಿನಿಂದ ಮೈಕ್ರೋ ತುಂಡು ಬೇಕು, ಅದರಲ್ಲಿ ಗುಂಡುಗಳು ಕನಿಷ್ಠ 85 ಶೇಕಡಾ ಇರಬೇಕು, ಕಾಸ್ಟಿಂಗಿನ ಮೇಲೆ ಹೀಟ್ ನಂಬರ್ ಜೊತೆ ಲ್ಯಾಡಲ್ ನಂಬರೂ ಇರಬೇಕು. ಟ್ರೀಟ್‌ಮೆಂಟ್ ಆದ ಹೊತ್ತು, ಸುರಿದು ಮುಗಿದ ಹೊತ್ತು ರಿಪೋರ್ಟಿನಲ್ಲೇ ಬರಬೇಕು. ಕೆಲವರು ಇದಕ್ಕೆ ಕಿಲೋಗೆ ಸ್ವಲ್ಪ ರೇಟ್ ಜಾಸ್ತಿ ಹೇಳುತ್ತಾರೆ, ಕೊಡುತ್ತೇವೆ. ಲಾಗ್ ಶೀಟ್ ತೋರಿಸೋಕೆ ಆಗಲ್ಲ ಅಂದವರ ಜೊತೆ ಮಾತು ಮುಂದುವರಿಸುವುದಿಲ್ಲ.

ತಿರಸ್ಕರಿಸಿದ ಮಾಲನ್ನು ಹಾಗೇ ಲಾರಿಗೆ ಹಾಕಿ ವಾಪಸ್ ಕಳಿಸಲೂಬೇಡಿ. ಹೊರಗಿನಿಂದ ನೋಡಿದರೆ ಅದು ಒಳ್ಳೆ ಬ್ರಾಕೆಟ್ಟಿನಂತೆಯೇ ಇರುತ್ತದೆ, ಬಣ್ಣ ಹೊಡೆದು ಇನ್ನೊಬ್ಬರಿಗೆ ಮಾರುವುದು ಕಷ್ಟವಲ್ಲ. ನಾವು ಒಂದೊಂದರ ಕಿವಿಯನ್ನೂ ಕಟಿಂಗ್ ವೀಲಿನಲ್ಲಿ ಕತ್ತರಿಸಿ, ಫೋಟೋ ತೆಗೆದು, ಚಲನ್ನಿನಲ್ಲಿ ಸ್ಕ್ರ್ಯಾಪ್ ಅಂತ ಬರೆದು ಕಳಿಸಿದೆವು.