ಸಭೆಯ ಹಾಜರಾತಿ ಪತ್ರಕ: ಉದ್ದ ಹಾಳೆಯೋ, ಅಡ್ಡ ಹಾಳೆಯೋ?

ಸುಮಾರು ನೂರಿಪ್ಪತ್ತು ಅಧಿಕಾರಿಗಳು ಸೇರುವ ಪ್ರಗತಿ ಪರಿಶೀಲನಾ ಸಭೆಗಳಿಗೆ ಮೂರು ಬಗೆಯ ಹಾಜರಾತಿ ಪತ್ರಕಗಳನ್ನು ಬಳಸಿ ನೋಡಿದ ಮೇಲೆ, ಹೆಸರು ಮತ್ತು ಪದನಾಮ ಮೊದಲೇ ಮುದ್ರಿಸಿದ ಅಡ್ಡ ಎ4 ಹಾಳೆಯನ್ನೇ ನಾನು ಉಳಿಸಿಕೊಂಡಿದ್ದೇನೆ.

ಮೊದಲನೆಯದು ರಟ್ಟಿಗೆ ಸಿಕ್ಕಿಸಿ ಸಾಲಿನಿಂದ ಸಾಲಿಗೆ ದಾಟಿಸುವ ಉದ್ದ ಹಾಳೆ. ಇದರ ದೊಡ್ಡ ತೊಡಕು ನಿರ್ಗಮನ ಸಮಯದ್ದು. ಹಾಳೆ ಕೈಗೆ ಬಂದ ಕೂಡಲೇ ಸಹಿ ಮಾಡುವವರು ಆಗಮನದ ಜೊತೆಗೆ ನಿರ್ಗಮನದ ಕಾಲಂ ಅನ್ನೂ ತುಂಬಿಬಿಡುತ್ತಾರೆ, ಮೇಲಿನವರು 11.00 ಮತ್ತು 4.30 ಎಂದು ಬರೆದಿದ್ದರೆ ಕೆಳಗಿನವರೆಲ್ಲ ಅದನ್ನೇ ಇಳಿಸುತ್ತಾರೆ. ಒಮ್ಮೆ ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಹೊರಟಿದ್ದ ಅಧಿಕಾರಿಯೊಬ್ಬರು ಸಂಜೆಯವರೆಗೂ ಇದ್ದಂತೆ ಪತ್ರಕದಲ್ಲಿ ದಾಖಲಾಗಿತ್ತು. ಅವರ ಇಲಾಖೆಗೆ ಸಂಬಂಧಿಸಿದ ನಿರ್ಣಯ ಆಗಿದ್ದು ಮೂರು ಗಂಟೆಗೆ. ಆ ನಿರ್ಣಯ ತಮ್ಮ ಗಮನಕ್ಕೆ ಬಂದಿಲ್ಲವೆಂದು ಅವರು ಬರೆದಾಗ, ಅವರ ಸಹಿಯೇ ಬೇರೆ ಮಾತು ಹೇಳುತ್ತಿತ್ತು. ಕಾಲಂನಲ್ಲಿ ಒಂದೇ ಕೈಬರಹದ ಒಂದೇ ಸಮಯ ಸಾಲಾಗಿ ಇಳಿದಿದ್ದರೆ, ಅಥವಾ ಸಭೆ ನಡೆಯುತ್ತಿರುವಾಗಲೇ ನಿರ್ಗಮನ ತುಂಬಿದ್ದರೆ, ಆ ಹಾಳೆಯನ್ನು ನಂಬುವಂತಿಲ್ಲ.

ಆಗಮನಕ್ಕೊಂದು, ನಿರ್ಗಮನಕ್ಕೊಂದು ಬೇರೆ ಹಾಳೆ ಇಟ್ಟರೆ ಈ ತೊಂದರೆ ತಪ್ಪುತ್ತದೆ, ಆದರೆ ಎರಡರಲ್ಲೂ ಹೆಸರುಗಳ ಕ್ರಮ ಬೇರೆಯಾಗಿರುವುದರಿಂದ ತಾಳೆ ಹಾಕಲು ಅರ್ಧ ದಿನ ಬೇಕು.

ಅಡ್ಡ ಹಾಳೆಯಲ್ಲಿ ಫೈಲಿಗೆ ಹಾಕಲು ಎಡಕ್ಕೆ 25 ಮಿ.ಮೀ., ಬಲಕ್ಕೆ 12 ಮಿ.ಮೀ. ಬಿಟ್ಟರೆ 260 ಮಿ.ಮೀ. ಉಳಿಯುತ್ತದೆ. ಅದನ್ನು ಕ್ರಮ ಸಂಖ್ಯೆಗೆ 10, ಹೆಸರಿಗೆ 60, ಪದನಾಮ ಮತ್ತು ಕಚೇರಿಗೆ 70, ಆಗಮನ ಸಮಯಕ್ಕೆ 22, ಸಹಿಗೆ 38, ನಿರ್ಗಮನ ಸಮಯಕ್ಕೆ 22, ಮತ್ತೊಂದು ಸಹಿಗೆ 38 ಎಂದು ಹಂಚುತ್ತೇನೆ. ಸಾಲಿನ ಎತ್ತರ 12 ಮಿ.ಮೀ. ಇಟ್ಟರೆ ಹಾಳೆಗೆ ಹನ್ನೆರಡು ಹೆಸರು ಹಿಡಿಯುತ್ತವೆ. ಎಕ್ಸೆಲ್‌ನಲ್ಲಿ `Rows to repeat at top` ಆಯ್ಕೆಯಲ್ಲಿ ಶೀರ್ಷಿಕೆ ಸಾಲುಗಳನ್ನು ಕೊಟ್ಟರೆ ಸಭೆಯ ಹೆಸರು ಮತ್ತು ದಿನಾಂಕ ಪ್ರತಿ ಹಾಳೆಯಲ್ಲೂ ಬರುತ್ತದೆ. ಬಿಡಿ ಹಾಳೆ ಎಲ್ಲಿಯದೆಂದು ಹುಡುಕಬೇಕಾಗುವುದಿಲ್ಲ.

ಎರಡು ಸಹಿ ಇರುವುದೇ ಇದರ ಜೀವಾಳ. ಸಮಯವನ್ನು ಬಾಗಿಲ ಬಳಿಯ ಮೇಜಿನಲ್ಲಿರುವ ಸಿಬ್ಬಂದಿ ಗಡಿಯಾರ ನೋಡಿ ಬರೆಯುತ್ತಾರೆ, ಬಂದವರು ಸಹಿ ಮಾತ್ರ ಮಾಡುತ್ತಾರೆ. ಅಧಿಕಾರಿಯ ಬದಲು ಬೇರೆಯವರು ಬರುವುದು ಸಾಮಾನ್ಯವಾದ್ದರಿಂದ ಮುದ್ರಿತ ಹೆಸರಿನ ಕೆಳಗೆ ‘ಪರವಾಗಿ’ ಎಂದು ಬರೆಯುವಷ್ಟು ಜಾಗ ಬಿಡಬೇಕು. ಇಲ್ಲದಿದ್ದರೆ ಸಹಾಯಕರ ಸಹಿ ಮುಖ್ಯಸ್ಥರ ಹಾಜರಾತಿಯಾಗಿಬಿಡುತ್ತದೆ.

ಸಭೆ ಮುಗಿದಾಗ ಆಗುವ ನೂಕುನುಗ್ಗಲು ಇದರ ಕೊರತೆ. ಹತ್ತು ಹಾಳೆಗಳನ್ನು ಇಲಾಖಾವಾರು ಐದು ಮೇಜುಗಳಿಗೆ ಹಂಚಿದರೆ ಮೇಜಿಗೆ ಇಪ್ಪತ್ನಾಲ್ಕು ಜನ. ತಲಾ ಹತ್ತು ಸೆಕೆಂಡು ಹಿಡಿದರೂ ನಾಲ್ಕು ನಿಮಿಷದಲ್ಲಿ ಮುಗಿಯುತ್ತದೆ. ಐದು ಜನ ಸಿಬ್ಬಂದಿಯನ್ನು ಕೂರಿಸಲಾಗದ ಕಚೇರಿಗೆ ಈ ಪತ್ರಕವನ್ನು ನಾನು ಸೂಚಿಸುವುದಿಲ್ಲ. ಅಂಥಲ್ಲಿ ಎರಡು ಹಾಳೆಯ ಪದ್ಧತಿಯೇ ವಾಸಿ.